15 ಅಂಕದ ಉತ್ತರ ಮತ್ತು ತಲಪಾಡಿ ಗೇಟು

ಬಿ.ಎ. ಎರಡನೇ ವರ್ಷದ ಇಂಟರ್ನಲ್‌ನಲ್ಲಿ ಈ ಪ್ರಶ್ನೆ ಬಂದಿತ್ತು: 'ಭಾರತದ ಒಕ್ಕೂಟ ವ್ಯವಸ್ಥೆಯಲ್ಲಿ ಕೇಂದ್ರ ಮತ್ತು ರಾಜ್ಯಗಳ ನಡುವಿನ ಅಧಿಕಾರ ಹಂಚಿಕೆಯನ್ನು ವಿವರಿಸಿ.' 15 ಅಂಕ. ನಾನು ನಾಲ್ಕು ಪುಟ ಬರೆದೆ. ಕೇಂದ್ರ ಪಟ್ಟಿಯಲ್ಲಿ 97 ವಿಷಯ, ರಾಜ್ಯ ಪಟ್ಟಿಯಲ್ಲಿ 66, ಇಬ್ಬರೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿ 47. ಒಂದೊಂದರ ಕೆಳಗೂ ಹತ್ತು ಹತ್ತು ಉದಾಹರಣೆ. ಸಿಕ್ಕಿದ್ದು 6 ಅಂಕ. ಕೊನೆಯ ಪುಟದ ಅಂಚಿನಲ್ಲಿ ಮೇಡಂ ಕೆಂಪು ಶಾಯಿಯಲ್ಲಿ ಬರೆದಿದ್ದರು: 'ಪಟ್ಟಿ ಇದೆ. ಹಂಚಿಕೆ ಎಲ್ಲಿ?'

ಆ ಮಾತು ನನಗೆ ಅರ್ಥವಾಗಲಿಲ್ಲ. ಪೇಪರ್ ಹಿಡಿದುಕೊಂಡು ಸ್ಟಾಫ್ ರೂಮಿಗೆ ಹೋದೆ. ಮೇಡಂ ಕೇಳಿದರು, 'ನೀನು ದಿನಾ ಕೇರಳದ ಮಂಜೇಶ್ವರದಿಂದ ತಲಪಾಡಿ ಗಡಿ ದಾಟಿ ಬರ್ತೀಯಲ್ವಾ? 2020ರಲ್ಲಿ ಆ ಗೇಟು ಮುಚ್ಚಿದ್ರಲ್ಲ, ಅದು ಯಾವ ಪಟ್ಟಿಯ ವಿಷಯ?' ನಾನು ತಕ್ಷಣ 'ರಾಜ್ಯ ಪಟ್ಟಿ, ಸಾರ್ವಜನಿಕ ಆರೋಗ್ಯ' ಅಂದೆ. 'ಅಷ್ಟೇನಾ? ಏಳನೇ ಅನುಸೂಚಿಯನ್ನು ಪೂರ್ತಿ ಓದಿ ಬಾ' ಅಂದರು. ಸಂವಿಧಾನದ ಈ ಮೂರೂ ಪಟ್ಟಿಗಳು ಇರುವುದು ಅದರಲ್ಲೇ. ಅದನ್ನು ಓದಿದ ಎರಡು ಸಂಜೆಗಳಲ್ಲಿ ನನ್ನ ಉತ್ತರವೇ ಬದಲಾಯಿತು.

ಆಗಿದ್ದು ಏನು ಎಂದು ಮೊದಲು ಹೇಳುತ್ತೇನೆ. 2020ರ ಮಾರ್ಚ್‌ನಲ್ಲಿ ನಾನು ಹತ್ತನೇ ತರಗತಿ. ನಮ್ಮ ಎಸ್ಸೆಸ್ಸೆಲ್ಸಿ ಪರೀಕ್ಷೆ ಅರ್ಧಕ್ಕೆ ನಿಂತಿತ್ತು. ಕಾಸರಗೋಡಿನಲ್ಲಿ ಕೊರೊನಾ ಜಾಸ್ತಿ ಇದೆ ಎಂದು ಕರ್ನಾಟಕ ಗಡಿ ಮುಚ್ಚಿತು. ಹೆದ್ದಾರಿಯಲ್ಲಿ ತಡೆ ಬಂತು, ಒಳರಸ್ತೆಗಳಿಗೆ ಮಣ್ಣು ಸುರಿದರು. ನಮ್ಮ ಕಡೆಯವರಿಗೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರೇ. ಕೇರಳ ಹೈಕೋರ್ಟಿಗೆ ಅರ್ಜಿ ಹೋಯಿತು. ಏಪ್ರಿಲ್ 1ರಂದು ಕೋರ್ಟು, ತುರ್ತು ಚಿಕಿತ್ಸೆಗೆ ಹೋಗುವವರಿಗಾಗಿ ತಡೆಗಳನ್ನು ತೆಗೆಸಿ ಎಂದು ಕೇಂದ್ರ ಸರ್ಕಾರಕ್ಕೆ ಹೇಳಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಕೇಂದ್ರವೇ ಎರಡೂ ರಾಜ್ಯಗಳನ್ನು ಕೂರಿಸಿ ಮಾತಾಡಲಿ ಎಂದು ಸುಪ್ರೀಂ ಕೋರ್ಟು ಹೇಳಿತು. ರೋಗಿಗಳನ್ನು ಬಿಡುವ ಕ್ರಮದ ಬಗ್ಗೆ ಒಪ್ಪಂದ ಆಗಿದೆ ಎಂದು ಕೇಂದ್ರ ತಿಳಿಸಿದ ಮೇಲೆ ಏಪ್ರಿಲ್ 7ರಂದು ಪ್ರಕರಣ ಮುಗಿಯಿತು.

ಈಗ ಪಟ್ಟಿಗೆ ಬರೋಣ. ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆ ರಾಜ್ಯ ಪಟ್ಟಿಯ 6ನೇ ನಮೂದು. ಪೊಲೀಸ್ ಕೂಡ ರಾಜ್ಯದ್ದೇ, 2ನೇ ನಮೂದು. ಇಷ್ಟೇ ನೋಡಿದರೆ ಕರ್ನಾಟಕ ಮಾಡಿದ್ದು ತನ್ನ ಅಧಿಕಾರದೊಳಗೇ ಇದೆ ಅನಿಸುತ್ತದೆ. ಆದರೆ ಮುಚ್ಚಿದ್ದು ರಾಷ್ಟ್ರೀಯ ಹೆದ್ದಾರಿ 66. ರಾಷ್ಟ್ರೀಯ ಹೆದ್ದಾರಿ ಕೇಂದ್ರ ಪಟ್ಟಿಯ 23ನೇ ನಮೂದು. ಅದೇ ಪಟ್ಟಿಯ 81ನೇ ನಮೂದಿನಲ್ಲಿ ರಾಜ್ಯ ರಾಜ್ಯಗಳ ನಡುವಿನ ವಲಸೆ ಮತ್ತು ಕ್ವಾರಂಟೈನ್ ಇದೆ. ಇನ್ನು ಸಮವರ್ತಿ ಪಟ್ಟಿಯ 29ನೇ ನಮೂದು ನೋಡಿದರೆ, ಒಂದು ರಾಜ್ಯದಿಂದ ಇನ್ನೊಂದಕ್ಕೆ ಅಂಟುರೋಗ ಹರಡದಂತೆ ತಡೆಯುವುದು. ಒಂದೇ ಗೇಟು, ಮೂರೂ ಪಟ್ಟಿ! ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅಷ್ಟು ಖುಷಿಯಾಗಿತ್ತು.

ಹೀಗೆ ವಿಷಯಗಳು ಒಂದರ ಮೇಲೊಂದು ಬಿದ್ದಾಗ ಏನು ಮಾಡಬೇಕು ಎನ್ನುವುದೇ ಹಂಚಿಕೆ. ಮೇಡಂ ಕೇಳಿದ್ದೂ ಅದನ್ನೇ. ಅದಕ್ಕೆ ಉತ್ತರ 246ನೇ ವಿಧಿಯ ಮೊದಲ ಪದಗಳಲ್ಲೇ ಇದೆ. ಕೇಂದ್ರ ಪಟ್ಟಿಯ ಬಗ್ಗೆ ಹೇಳುವ ಮೊದಲ ಉಪವಿಧಿ 'ಕೆಳಗಿನ ಉಪವಿಧಿಗಳಲ್ಲಿ ಏನೇ ಇದ್ದರೂ' ಎಂದು ಶುರುವಾಗುತ್ತದೆ. ರಾಜ್ಯ ಪಟ್ಟಿಯ ಬಗ್ಗೆ ಹೇಳುವ ಮೂರನೆಯದು 'ಮೇಲಿನವುಗಳಿಗೆ ಒಳಪಟ್ಟು' ಎಂದು ಶುರುವಾಗುತ್ತದೆ. ನಮ್ಮ ಗೈಡುಗಳಲ್ಲಿ ಈ ಎರಡು ತುಂಡುಗಳನ್ನು ಬಿಟ್ಟುಬಿಡುತ್ತಾರೆ. ಆದರೆ ಕೇಂದ್ರದ ಕೈ ಮೇಲಿರುವುದು ಈ ಎರಡು ತುಂಡುಗಳಿಂದಲೇ. ನಿಜವಾಗಿಯೂ ಎರಡು ಪಟ್ಟಿ ಡಿಕ್ಕಿ ಹೊಡೆದರೆ ಕೇಂದ್ರ ಪಟ್ಟಿ ನಿಲ್ಲುತ್ತದೆ.

'ನಿಜವಾಗಿಯೂ' ಎಂಬ ಮಾತು ಸುಮ್ನೆ ಹಾಕಿದ್ದಲ್ಲ. ಕೋರ್ಟುಗಳು ಮೊದಲು ಡಿಕ್ಕಿ ಇದೆಯಾ ಎಂದು ನೋಡುತ್ತವೆ. ಕಾನೂನಿನ ತಿರುಳು ಏನು, ಅದು ಮುಖ್ಯವಾಗಿ ಯಾವ ವಿಷಯದ ಮೇಲೆ ಎಂದು ಕೇಳುತ್ತವೆ. ತಿರುಳು ತನ್ನ ಪಟ್ಟಿಯಲ್ಲಿದ್ದರೆ, ಅಂಚಿನಲ್ಲಿ ಇನ್ನೊಂದು ಪಟ್ಟಿಯನ್ನು ಸ್ವಲ್ಪ ತಾಗಿದರೂ ಕಾನೂನು ಬೀಳುವುದಿಲ್ಲ. ಮುಂಬೈ ರಾಜ್ಯದ ಪಾನನಿಷೇಧ ಕಾನೂನಿನ ಬಗ್ಗೆ 1951ರಲ್ಲಿ ಬಂದ ಬಲ್ಸಾರಾ ಪ್ರಕರಣ ಇದಕ್ಕೆ ಉದಾಹರಣೆ. ಮದ್ಯದ ಆಮದು ಕೇಂದ್ರದ ವಿಷಯ ಎಂಬ ವಾದ ಅಲ್ಲಿ ನಿಲ್ಲಲಿಲ್ಲ. ಕಾನೂನಿನ ತಿರುಳು ಮದ್ಯಪಾನ ತಡೆಯುವುದು, ಅದು ರಾಜ್ಯದ್ದು ಎಂದು ಕೋರ್ಟು ಹೇಳಿತು. ಇದನ್ನು ಉತ್ತರದಲ್ಲಿ ಎರಡೇ ಸಾಲಲ್ಲಿ ಬರೆದರೆ ಸಾಕು.

ಗೇಟಿನ ಕತೆಯಲ್ಲಿ ಇನ್ನೊಂದು ಸಂಗತಿ ಇದೆ. ಹೆದ್ದಾರಿ ಕೇಂದ್ರದ್ದಾದರೆ ತಡೆ ಹಾಕಿ ನಿಂತದ್ದು ರಾಜ್ಯದ ಪೊಲೀಸರು ಹೇಗೆ? ಪಟ್ಟಿಗಳು ಹಂಚುವುದು ಕಾನೂನು ಮಾಡುವ ಅಧಿಕಾರವನ್ನು. ಜಾರಿ ಮಾಡುವ ಅಧಿಕಾರಕ್ಕೆ 73 ಮತ್ತು 162ನೇ ವಿಧಿ ನೋಡಬೇಕು. ಸಮವರ್ತಿ ವಿಷಯಗಳಲ್ಲಿ ಸಂವಿಧಾನವಾಗಲಿ ಸಂಸತ್ತಿನ ಕಾನೂನಾಗಲಿ ಬೇರೆ ಹೇಳದಿದ್ದರೆ ಜಾರಿ ಕೆಲಸ ರಾಜ್ಯದ ಕೈಯಲ್ಲೇ ಇರುತ್ತದೆ. ಹಾಗಾಗಿ ನೆಲದ ಮೇಲೆ ಕಾಣುವುದು ರಾಜ್ಯವೇ. ರಾಜ್ಯಕ್ಕೆ ನಿರ್ದೇಶನ ಕೊಡುವ ಅಧಿಕಾರ 256 ಮತ್ತು 257ನೇ ವಿಧಿಯಲ್ಲಿ ಕೇಂದ್ರಕ್ಕಿದೆ. ಕೇರಳ ಹೈಕೋರ್ಟು ಕರ್ನಾಟಕಕ್ಕೆ ನೇರ ಆದೇಶ ಕೊಡದೆ ಕೇಂದ್ರಕ್ಕೆ ಹೇಳಿದ್ದನ್ನು ಇಲ್ಲಿ ಜೋಡಿಸಿದೆ. ಒಂದು ಎಚ್ಚರ: ಆ ಪ್ರಕರಣ ರಾಜಿಯಲ್ಲಿ ಮುಗಿಯಿತು. ಯಾವ ಪಟ್ಟಿ ಗೆದ್ದಿತು ಎಂದು ಸುಪ್ರೀಂ ಕೋರ್ಟು ತೀರ್ಪು ಕೊಡಲಿಲ್ಲ. 'ಕೇಂದ್ರ ಪಟ್ಟಿ ಗೆದ್ದಿತು' ಎಂದು ಬರೆದರೆ ತಪ್ಪು. ನನ್ನ ಮೊದಲ ಕರಡಿನಲ್ಲಿ ಹಾಗೇ ಬರೆದಿದ್ದೆ, ಮೇಡಂ ಹೊಡೆದು ಹಾಕಿದರು.

ಎರಡನೇ ಉದಾಹರಣೆ ಕಂಬಳ. ಇದು 254ನೇ ವಿಧಿಗೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವುದು ಸಮವರ್ತಿ ಪಟ್ಟಿಯ 17ನೇ ನಮೂದು. ಇಬ್ಬರೂ ಕಾನೂನು ಮಾಡಬಹುದು. ಕೇಂದ್ರದ ಕಾನೂನು 1960ರದ್ದು. ಸಮವರ್ತಿ ವಿಷಯದಲ್ಲಿ ರಾಜ್ಯದ ಕಾನೂನು ಕೇಂದ್ರದ್ದಕ್ಕೆ ವಿರುದ್ಧವಾದರೆ, ಎಷ್ಟು ವಿರುದ್ಧವೋ ಅಷ್ಟು ಭಾಗ ಬಿದ್ದುಹೋಗುತ್ತದೆ. ಇದು 254ರ ಮೊದಲ ಉಪವಿಧಿ. ಎರಡನೆಯದು ಬೇರೆ ದಾರಿ ಕೊಡುತ್ತದೆ. ರಾಜ್ಯದ ಮಸೂದೆಯನ್ನು ರಾಷ್ಟ್ರಪತಿಗಳಿಗೆ ಕಳಿಸಿ ಅವರ ಒಪ್ಪಿಗೆ ಪಡೆದರೆ, ಆ ರಾಜ್ಯದೊಳಗೆ ರಾಜ್ಯದ ಕಾನೂನೇ ನಡೆಯುತ್ತದೆ. ಕರ್ನಾಟಕದ 2017ರ ತಿದ್ದುಪಡಿ ಕಂಬಳವನ್ನು ಉಳಿಸಿದ್ದು ಈ ದಾರಿಯಿಂದಲೇ. ತಮಿಳುನಾಡು ಜಲ್ಲಿಕಟ್ಟಿಗೂ ಇದನ್ನೇ ಮಾಡಿತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಈ ತಿದ್ದುಪಡಿಗಳನ್ನು ಎತ್ತಿ ಹಿಡಿಯಿತು.

'ಆ ರಾಜ್ಯದೊಳಗೆ' ಎಂಬ ಮಾತಿನ ಕೆಳಗೆ ನಾನು ಗೆರೆ ಎಳೆದೆ. ಕಂಬಳ ನಮ್ಮ ಪೈವಳಿಕೆ ಕಡೆಯಲ್ಲೂ ಉಂಟು. ಆದರೆ ಕರ್ನಾಟಕದ ತಿದ್ದುಪಡಿ ತಲಪಾಡಿಯ ಈಚೆಗೆ ಬರುವುದಿಲ್ಲ. ರಾಜ್ಯದ ಕಾನೂನು ಆ ರಾಜ್ಯದ ಗಡಿಯೊಳಗೆ ಮಾತ್ರ ಎಂದು 245ನೇ ವಿಧಿ ಹೇಳುತ್ತದೆ. ಅದೇ ಜಾತಿಯ ಕೋಣ, ಅದೇ ಕೆಸರು, ಆದರೆ ಅನ್ವಯವಾಗುವ ಕಾನೂನು ಬೇರೆ. ಗಡಿಯಲ್ಲಿ ಬೆಳೆದವರಿಗೆ ಇದು ಎಷ್ಟು ಬೇಗ ಮನಸ್ಸಿಗೆ ಹತ್ತುತ್ತದೆ ಅಲ್ವಾ? ಹಾಗೆಂದು ಎರಡನೇ ಉಪವಿಧಿ ರಾಜ್ಯಕ್ಕೆ ಶಾಶ್ವತ ರಕ್ಷಣೆ ಅಲ್ಲ. ಸಂಸತ್ತು ಅದೇ ವಿಷಯದ ಮೇಲೆ ಮತ್ತೆ ಕಾನೂನು ತಂದು ರಾಜ್ಯದ್ದನ್ನು ಬದಲಿಸಬಹುದು, ರದ್ದೂ ಮಾಡಬಹುದು. ಇದನ್ನು ಬರೆಯದಿದ್ದರೆ ಉತ್ತರ ಅರ್ಧ.

ಸಂಖ್ಯೆಗಳ ಬಗ್ಗೆ ಒಂದು ಮಾತು. 97, 66, 47 ಎನ್ನುವುದು ಸಂವಿಧಾನ ಜಾರಿಗೆ ಬಂದಾಗಿನ ಲೆಕ್ಕ. 1976ರ 42ನೇ ತಿದ್ದುಪಡಿ ಶಿಕ್ಷಣ, ಅರಣ್ಯ ಮುಂತಾದ ಐದು ವಿಷಯಗಳನ್ನು ರಾಜ್ಯ ಪಟ್ಟಿಯಿಂದ ತೆಗೆದು ಸಮವರ್ತಿ ಪಟ್ಟಿಗೆ ಹಾಕಿತು. ಆಮೇಲೂ ಬದಲಾವಣೆಗಳಾದವು. ಅದಕ್ಕೆ ನಾನು 'ಮೂಲ ಸಂವಿಧಾನದಲ್ಲಿ' ಎಂದು ಸೇರಿಸಿಯೇ ಬರೆಯುತ್ತೇನೆ. ಮೂರರಲ್ಲೂ ಇಲ್ಲದ ವಿಷಯ 248ನೇ ವಿಧಿಯಂತೆ ಸಂಸತ್ತಿಗೆ. ಅದು ಶೇಷಾಧಿಕಾರ, ಒಂದು ವಾಕ್ಯ ಸಾಕು. ರಾಜ್ಯ ಪಟ್ಟಿಗೆ ಸಂಸತ್ತು ಕೈಹಾಕುವ ಸಂದರ್ಭಗಳು 249, 250, 252, 253ರಲ್ಲಿವೆ. ಇವುಗಳಲ್ಲಿ ರಾಜ್ಯಸಭೆಯ ಮೂರನೇ ಎರಡು ಬಹುಮತದ ನಿರ್ಣಯವನ್ನು ಮಾತ್ರ ಬಿಡಿಸಿ ಹೇಳಿದೆ, ಉಳಿದವನ್ನು ಹೆಸರಿಸಿದೆ. ಹಣಕಾಸಿಗೆ 280ನೇ ವಿಧಿಯ ಹಣಕಾಸು ಆಯೋಗ, ಇಬ್ಬರಿಗೂ ಜಿಎಸ್‌ಟಿ ಅಧಿಕಾರ ಕೊಡುವ 246ಎ, ಅಷ್ಟೇ. 356ನೇ ವಿಧಿಗೆ ಒಂದು ಪುಟ ಬರೆಯುವ ಗೆಳತಿಯರಿದ್ದರು. ಪ್ರಶ್ನೆ ಕೇಳುವುದು ಹಂಚಿಕೆಯನ್ನು, ರಾಷ್ಟ್ರಪತಿ ಆಡಳಿತವನ್ನಲ್ಲ.

ಸೆಮಿಸ್ಟರ್ ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಅದೇ ಪ್ರಶ್ನೆ ಬಂತು. 30 ನಿಮಿಷ ಇಟ್ಟುಕೊಂಡೆ. ಮೊದಲ 4 ನಿಮಿಷ ಕೊನೆಯ ಪುಟದಲ್ಲಿ ಪೆನ್ಸಿಲಿನಲ್ಲಿ ವಿಧಿಗಳ ಸಂಖ್ಯೆ ಮಾತ್ರ ಬರೆದುಕೊಂಡೆ: 1, 245, 246, 248, 254, 256, 280. ಆಮೇಲೆ ಹೀಗೆ ಶುರು ಮಾಡಿದೆ:

'ಸಂವಿಧಾನದ 1ನೇ ವಿಧಿ ಭಾರತವನ್ನು ರಾಜ್ಯಗಳ ಒಕ್ಕೂಟ ಎನ್ನುತ್ತದೆ. ಇಲ್ಲಿ ಕಾನೂನು ಮಾಡುವ ಅಧಿಕಾರವನ್ನು ಎರಡು ರೀತಿ ಹಂಚಲಾಗಿದೆ. ಎಲ್ಲಿಯವರೆಗೆ ಎನ್ನುವುದನ್ನು 245ನೇ ವಿಧಿ, ಯಾವ ವಿಷಯದ ಮೇಲೆ ಎನ್ನುವುದನ್ನು 246ನೇ ವಿಧಿ ಮತ್ತು ಏಳನೇ ಅನುಸೂಚಿ ಹೇಳುತ್ತವೆ. ಒಂದೇ ವಿಷಯ ಒಂದಕ್ಕಿಂತ ಹೆಚ್ಚು ಪಟ್ಟಿಗಳನ್ನು ತಾಗಿದಾಗ ಯಾರ ಮಾತು ನಡೆಯುತ್ತದೆ ಎಂಬುದನ್ನು 2020ರ ತಲಪಾಡಿ ಗಡಿ ಪ್ರಕರಣದ ಮೂಲಕ ವಿವರಿಸುತ್ತೇನೆ.'

ಪಟ್ಟಿಗಳಿಗೆ ಮುಕ್ಕಾಲು ಪುಟ ಕೊಟ್ಟೆ. ಗಡಿ ಪ್ರಕರಣಕ್ಕೆ ಒಂದು ಪುಟ, 254 ಮತ್ತು ಕಂಬಳಕ್ಕೆ ಮುಕ್ಕಾಲು, ಉಳಿದದ್ದಕ್ಕೆ ಅರ್ಧ. ಒಟ್ಟು ಮೂರೇ ಪುಟ, ಇಂಟರ್ನಲ್‌ಗಿಂತ ಒಂದು ಪುಟ ಕಡಿಮೆ.

ಈಗ ನನ್ನ ಚಿಕ್ಕಮ್ಮನ ಮಗಳು ಅದೇ ಪೇಪರ್ ಓದುತ್ತಿದ್ದಾಳೆ. ಮೊನ್ನೆ ಕೇಳಿದಳು, 'ಅಕ್ಕಾ, ಇದೇ ಪ್ರಶ್ನೆ 5 ಅಂಕಕ್ಕೆ ಬಂದರೆ ಏನು ಬಿಡೋದು?' ಗಡಿ ಪ್ರಕರಣ ಬಿಡು, 246ರ ಆ ಎರಡು ತುಂಡು ಮತ್ತು ಕಂಬಳ ಇಟ್ಟುಕೋ ಅಂದೆ. ಕಂಬಳವನ್ನು ಆರು ಸಾಲಲ್ಲಿ ಮುಗಿಸಬಹುದು. ಗೇಟಿನ ಕತೆ ಮೂರೂ ಪಟ್ಟಿ ಹೇಳದೆ ನಿಲ್ಲುವುದಿಲ್ಲ, ಅದಕ್ಕೆ ಒಂದು ಪುಟ ಬೇಕೇ ಬೇಕು.