ರಂಧ್ರವಿರುವ ತಟ್ಟೆಯ ದ್ರವ್ಯರಾಶಿ ಕೇಂದ್ರ: ಕಾಗದದ ಮೇಲೂ ರಟ್ಟಿನ ಮೇಲೂ

ಪದವಿಪೂರ್ವ ತರಗತಿಯಲ್ಲಿ ಈ ಲೆಕ್ಕವನ್ನು ಹೇಳಿಕೊಡುವಾಗ ನಾನು ಒಂದು ರಟ್ಟಿನ ತಟ್ಟೆಯನ್ನು ಎದುರಿಗಿಟ್ಟುಕೊಳ್ಳುತ್ತೇನೆ. ಅದರ ತ್ರಿಜ್ಯ 15 ಸೆಂ.ಮೀ. ಕೇಂದ್ರದಿಂದ ಬಲಕ್ಕೆ 8 ಸೆಂ.ಮೀ. ದೂರದ ಬಿಂದುವನ್ನು ಕೇಂದ್ರವಾಗಿಟ್ಟುಕೊಂಡು, 5 ಸೆಂ.ಮೀ. ತ್ರಿಜ್ಯದ ಬಿಲ್ಲೆಯೊಂದನ್ನು ಕತ್ತರಿಸಿ ತೆಗೆದಿದ್ದೇನೆ. ರಂಧ್ರಕ್ಕೂ ತಟ್ಟೆಯ ಅಂಚಿಗೂ ನಡುವೆ 2 ಸೆಂ.ಮೀ. ರಟ್ಟು ಉಳಿಯುವುದರಿಂದ ತೂಗುಹಾಕಿದಾಗ ಅದು ಬಾಗುವುದಿಲ್ಲ.

ಉಳಿದ ಭಾಗದ ಆಕಾರ ವಿಚಿತ್ರವಾದದ್ದು. ಅದನ್ನು ನೇರವಾಗಿ ಸಮಾಕಲನ ಮಾಡುವ ಅಗತ್ಯವಿಲ್ಲ. ರಂಧ್ರವಿಲ್ಲದ ಇಡೀ ತಟ್ಟೆಯ ಮೇಲೆ, ರಂಧ್ರದ ಜಾಗದಲ್ಲಿ ಅಷ್ಟೇ ಗಾತ್ರದ ಋಣ ದ್ರವ್ಯರಾಶಿಯ ಬಿಲ್ಲೆಯನ್ನು ಇಟ್ಟಂತೆ ಭಾವಿಸಿದರೆ ಸಾಕು. ದಪ್ಪ ಮತ್ತು ಸಾಂದ್ರತೆ ಎಲ್ಲೆಡೆ ಒಂದೇ ಆಗಿದ್ದರೆ ದ್ರವ್ಯರಾಶಿಯು ವಿಸ್ತೀರ್ಣದ ಅನುಪಾತದಲ್ಲಿರುತ್ತದೆ. ತ್ರಿಜ್ಯಗಳು 3:1 ಆದ್ದರಿಂದ ದ್ರವ್ಯರಾಶಿಗಳು 9:1. ಇಡೀ ತಟ್ಟೆಯ ಕೇಂದ್ರವನ್ನು ಮೂಲಬಿಂದುವೆಂದೂ ರಂಧ್ರದ ದಿಕ್ಕನ್ನು ಧನವೆಂದೂ ಇಟ್ಟುಕೊಂಡರೆ:

x = [9×0 + (−1)×8] / [9 + (−1)] = −8/8 = −1 ಸೆಂ.ಮೀ.

ಎಂದರೆ ದ್ರವ್ಯರಾಶಿ ಕೇಂದ್ರವು ರಂಧ್ರದಿಂದ ದೂರಕ್ಕೆ, ಎಡಕ್ಕೆ 1 ಸೆಂ.ಮೀ. ಸರಿಯುತ್ತದೆ. ಛೇದದಲ್ಲಿ 9 ಅಲ್ಲ, 8 ಇರಬೇಕು ಎಂಬುದನ್ನು ವಿದ್ಯಾರ್ಥಿಗಳು ಆಗಾಗ ಮರೆಯುತ್ತಾರೆ. ತಾಳೆ ನೋಡುವುದು ಸುಲಭ: ಕತ್ತರಿಸಿದ ಬಿಲ್ಲೆಯನ್ನು ಮನಸ್ಸಿನಲ್ಲೇ ವಾಪಸು ಕೂರಿಸಿದರೆ 8×(−1) + 1×8 ಸೊನ್ನೆಯಾಗಲೇಬೇಕು.

ಪ್ರಯೋಗಕ್ಕೆ ಮೊದಲು ರಟ್ಟು ಏಕರೂಪವಾಗಿದೆಯೇ ಎಂದು ತಿಳಿಯಲು ಎರಡೂ ತುಂಡುಗಳನ್ನು ತೂಗುತ್ತೇನೆ. ತೂಕಗಳು ಹೆಚ್ಚುಕಡಿಮೆ 8:1 ಇರದಿದ್ದರೆ ಆ ರಟ್ಟನ್ನು ಬಿಟ್ಟುಬಿಡುತ್ತೇನೆ. ಎರಡೂ ಕೇಂದ್ರಗಳ ಮೂಲಕ ಹಾಯುವ ಸಮಮಿತಿ ರೇಖೆಯನ್ನು ಮೊದಲೇ ಎಳೆದಿರುತ್ತೇನೆ, ಏಕೆಂದರೆ ಉತ್ತರ ಅದರ ಮೇಲೆಯೇ ಇರಬೇಕು. ಬಳಿಕ ಆ ರೇಖೆಗೆ ಲಂಬವಾದ ವ್ಯಾಸದ ತುದಿಯಲ್ಲಿ, ಅಂಚಿಗೆ ಹತ್ತಿರವಾಗಿ ಗುಂಡುಸೂಜಿ ಚುಚ್ಚಿ ತಟ್ಟೆಯನ್ನು ತೂಗುಹಾಕಿ, ಅದೇ ಸೂಜಿಯಿಂದ ಗುಂಡು ಕಟ್ಟಿದ ದಾರವನ್ನು ಇಳಿಬಿಡುತ್ತೇನೆ. ಸೂಜಿಯನ್ನು ಸಮಮಿತಿ ರೇಖೆಯ ಸಮೀಪ ಚುಚ್ಚಿದರೆ ಎರಡು ಗೆರೆಗಳು ತೀರಾ ಕಿರಿದಾದ ಕೋನದಲ್ಲಿ ಕೂಡುವುದರಿಂದ ಬಿಂದು ಯಾವುದೆಂದು ಹೇಳುವುದೇ ಕಷ್ಟ. ಸೂಜಿಯ ತೂತು ಬಿಗಿಯಾಗಿದ್ದರೂ ತಟ್ಟೆ ತಪ್ಪಾದ ಸ್ಥಾನದಲ್ಲಿ ನಿಲ್ಲುತ್ತದೆ. ಆದ್ದರಿಂದ ತೂತನ್ನು ಸ್ವಲ್ಪ ಅಗಲಿಸಿ, ತಟ್ಟೆಯನ್ನು ಎರಡೂ ಕಡೆಯಿಂದ ತೂಗಾಡಿಸಿ, ಒಂದೇ ಜಾಗದಲ್ಲಿ ನಿಲ್ಲುವುದೇ ಎಂದು ನೋಡಬೇಕು. ಇಷ್ಟು ಎಚ್ಚರ ವಹಿಸಿದರೆ ದಾರವು ಸಮಮಿತಿ ರೇಖೆಯನ್ನು 1 ಸೆಂ.ಮೀ. ಗುರುತಿನ ಆಸುಪಾಸಿನಲ್ಲಿಯೇ ಹಾಯುತ್ತದೆ.

ಋಣ ಚಿಹ್ನೆಯನ್ನು ಎರಡೂ ಕಡೆ ಕೈಬಿಟ್ಟವರ ಉತ್ತರ 8/10, ಅಂದರೆ ರಂಧ್ರದ ಕಡೆಗೆ 0.8 ಸೆಂ.ಮೀ. ಇದನ್ನು ನಾನು ಬರಿದೇ ಹೊಡೆದುಹಾಕುವುದಿಲ್ಲ, ಏಕೆಂದರೆ ಅದು ಬೇರೊಂದು ವಸ್ತುವಿಗೆ ಸರಿಯಾದ ಉತ್ತರ. ಅದೇ ರಟ್ಟಿನ ಇನ್ನೊಂದು ಇಡೀ ತಟ್ಟೆಯ ಮೇಲೆ, ಬಲಕ್ಕೆ 8 ಸೆಂ.ಮೀ. ದೂರದಲ್ಲಿ, ಕತ್ತರಿಸಿ ತೆಗೆದ ಬಿಲ್ಲೆಯನ್ನು ಅಂಟಿಸಿ ತೂಗುಹಾಕಿದರೆ, ದಾರವು ಕೇಂದ್ರದ ಬಲಕ್ಕೆ ಸುಮಾರು 8 ಮಿ.ಮೀ. ದೂರದಲ್ಲಿ ರೇಖೆಯನ್ನು ಹಾಯುತ್ತದೆ.