ಅಂಕಿಗೆ ಅಂಟಿದ ಪ್ರತ್ಯಯ ಮೊದಲು ಬಿಡಿಸಿ

ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಕನ್ನಡದಲ್ಲಿ ಹೆಚ್ಚಾಗಿ ಎಡವುವುದು ಅಂಕಿಗೆ ಪ್ರತ್ಯಯ ಅಂಟಿದ ಕಡೆ. ‘5ರಂದು’ ಎಂದಿದ್ದರೆ ಅಂಕಿಯನ್ನೂ ಅಕ್ಷರವನ್ನೂ ಬೇರೆ ಮಾಡಿ ‘ಐದು ರಂದು’ ಎನ್ನುತ್ತದೆ. ಸಂಧಿ ಅದಕ್ಕೆ ಹೊಳೆಯುವುದಿಲ್ಲ. ಅಂಥ ಜಾಗಗಳನ್ನು ರೆಜೆಕ್ಸ್, ಅಂದರೆ ಅಕ್ಷರಗಳ ಮಾದರಿ ಕೊಟ್ಟು ಹುಡುಕುವ ವಿಧಾನದಲ್ಲಿ ಹೀಗೆ ಹಿಡಿಯಬಹುದು:

```
[0-9೦-೯]+[ಅ-ಹ]
```

ಈ ಸಾಲು ನೋಡಿ: ‘12/3/1998ರಂದು 2 ಮಕ್ಕಳು 8 ಕಿ.ಮೀ. ನಡೆದರು.’ ಇಲ್ಲಿ ದಿನ ಯಾವುದು, ತಿಂಗಳು ಯಾವುದು ಎಂಬುದೇ ಯಂತ್ರಕ್ಕೆ ಗೊಂದಲ. ‘2 ಮಕ್ಕಳು’ ಎಂಬುದು ‘ಎರಡು ಮಕ್ಕಳು’ ಆಗುತ್ತದೆ, ಕಿವಿಗೆ ಕಿರಿಕಿರಿ. ‘ಕಿ.ಮೀ.’ ಚುಕ್ಕಿಯನ್ನು ವಾಕ್ಯದ ಕೊನೆ ಎಂದುಕೊಂಡು ಅಲ್ಲೇ ನಿಂತುಬಿಡಲೂಬಹುದು.

ಹೀಗೆ ಬರೆದರೆ ತೊಡಕಿಲ್ಲ: ‘ಸಾವಿರದ ಒಂಬೈನೂರ ತೊಂಬತ್ತೆಂಟನೇ ಇಸವಿಯ ಮಾರ್ಚ್ ಹನ್ನೆರಡರಂದು ಇಬ್ಬರು ಮಕ್ಕಳು ಎಂಟು ಕಿಲೋಮೀಟರ್ ನಡೆದರು.’

ಸಂಕ್ಷೇಪಗಳನ್ನು ಒಟ್ಟಿಗೆ ಬದಲಿಸುವಾಗ ಉದ್ದದ್ದನ್ನು ಮೊದಲು ಮುಗಿಸಿ. ‘ಮೀ.’ ಮೊದಲು ಬದಲಿಸಿದರೆ ‘ಕಿ.ಮೀ.’ ಹೋಗಿ ‘ಕಿ.ಮೀಟರ್’ ಉಳಿಯುತ್ತದೆ. ಫೋನ್ ನಂಬರಿನ ಅಂಕಿಗಳನ್ನು ಮಾತ್ರ ಬಿಡಿಬಿಡಿಯಾಗಿ, ನಡುವೆ ಅಲ್ಪವಿರಾಮ ಹಾಕಿ ಬರೆಯಿರಿ. ಇಲ್ಲವಾದರೆ ಕೋಟಿ ಲಕ್ಷಗಳ ಲೆಕ್ಕ ಕೇಳಬೇಕಾದೀತು. ಮೂಲ ಕಡತವನ್ನು ಹಾಗೇ ಇಟ್ಟು, ಈ ತಿದ್ದುಪಡಿಯನ್ನು ಪ್ರತಿಯಲ್ಲಿ ಮಾಡಿ.