ರನ್ನಿಂಗ್ ಹೋಟೆಲ್ ತಗೊಳ್ತಿದೀರಾ? ಅಡ್ವಾನ್ಸ್ ಕೊಡೋ ಮುಂಚೆ ಈ ಎರಡು ಪೇಪರ್ ಚೆಕ್ ಮಾಡಿ

"ರನ್ನಿಂಗ್ ಕಂಡಿಷನ್‌ನಲ್ಲಿರೋ ಹೋಟೆಲ್ ಮಾರಾಟಕ್ಕಿದೆ, ಒಳ್ಳೆ ವ್ಯಾಪಾರ, ಎಲ್ಲಾ ಲೈಸೆನ್ಸ್ ಇದೆ" ಅಂತ ಜಾಹೀರಾತು ನೋಡೇ ಇರ್ತೀರ. ಇಂಥದ್ದನ್ನ ತಗೊಳ್ಳೋರು ಸ್ಟೌ, ಗ್ರೈಂಡರ್, ಫ್ರಿಜ್ ಎಲ್ಲಾ ಆನ್ ಮಾಡಿ ನೋಡ್ತಾರೆ, ಎರಡು ದಿನ ಕ್ಯಾಶ್ ಕೌಂಟರ್ ಪಕ್ಕ ಕೂತು ವ್ಯಾಪಾರ ಎಷ್ಟಾಗತ್ತೆ ಅಂತ ಲೆಕ್ಕ ಹಾಕ್ತಾರೆ, ಆದ್ರೆ "ಎಲ್ಲಾ ಲೈಸೆನ್ಸ್ ಇದೆ" ಅನ್ನೋ ಮಾತನ್ನ ಮಾತ್ರ ಹಾಗೇ ನಂಬಿಬಿಡ್ತಾರೆ. ಗುಡ್‌ವಿಲ್ ಅಂತ ಲಕ್ಷಗಟ್ಟಲೆ ಕೊಡೋದು ಆ ಜಾಗದಲ್ಲಿ ಆ ವ್ಯಾಪಾರ ಮುಂದುವರಿಸಬಹುದು ಅನ್ನೋ ನಂಬಿಕೆ ಮೇಲೆ ತಾನೇ, ಹಾಗಾಗಿ ಅದನ್ನೇ ಮೊದಲು ಚೆಕ್ ಮಾಡ್ಬೇಕು.

ಮುಖ್ಯವಾಗಿ ನೋಡ್ಬೇಕಾದ್ದು ಎರಡು ಪೇಪರ್. ಒಂದು ಪಾಲಿಕೆ ಅಥವಾ ಪುರಸಭೆ ಕೊಡೋ ಉದ್ದಿಮೆ ಪರವಾನಗಿ, ಎಲ್ಲರೂ ಟ್ರೇಡ್ ಲೈಸೆನ್ಸ್ ಅಂತಾರಲ್ಲ ಅದು. ಕರ್ನಾಟಕದಲ್ಲಿ ಬೆಂಗಳೂರು ಬಿಟ್ಟು ಉಳಿದ ಮಹಾನಗರ ಪಾಲಿಕೆಗಳಲ್ಲಿ ಇದಕ್ಕೆ ಆಧಾರ 1976ರ ಮಹಾನಗರ ಪಾಲಿಕೆಗಳ ಕಾಯ್ದೆಯ 353ನೇ ಸೆಕ್ಷನ್, ಕೆಲಸ ನೋಡಿಕೊಳ್ಳೋದು ಸಾಮಾನ್ಯವಾಗಿ ಆರೋಗ್ಯ ವಿಭಾಗ. ಇನ್ನೊಂದು ಕಾರ್ಮಿಕ ಇಲಾಖೆ ಕೊಡೋ ನೋಂದಣಿ ಪ್ರಮಾಣಪತ್ರ, ಅದು 1961ರ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಕೆಳಗೆ ಬರತ್ತೆ, ಲೇಬರ್ ಲೈಸೆನ್ಸ್ ಅಂತಲೋ ಫಾರ್ಮ್ ಸಿ ಅಂತಲೋ ಕರೀತಾರೆ. ಟ್ರೇಡ್ ಲೈಸೆನ್ಸ್ ಹೇಳೋದು ಈ ಜಾಗದಲ್ಲಿ ಈ ಕೆಲಸ ಮಾಡಬಹುದು ಅಂತ. ಫಾರ್ಮ್ ಸಿ ಹೇಳೋದು ಇಲ್ಲಿ ಮಾಲೀಕರು ಇಂಥವರು, ಇಂಥ ಸಂಸ್ಥೆ ನಡೀತಿದೆ ಅಂತ. ಒಂದಿದ್ರೆ ಇನ್ನೊಂದು ಬೇಡ ಅನ್ನೋ ಹಾಗಿಲ್ಲ. ಜಿಎಸ್‌ಟಿ ಸರ್ಟಿಫಿಕೇಟು, ಉದ್ಯಮ್ ಸರ್ಟಿಫಿಕೇಟು ಫ್ರೇಮ್ ಹಾಕಿ ತೂಗು ಹಾಕಿರ್ತಾರೆ, ಅವು ಈ ಎರಡಕ್ಕೂ ಬದಲಿ ಅಲ್ಲ. ಹೋಟೆಲ್‌ಗೆ ಬೇಕಾದ ಎಫ್‌ಎಸ್‌ಎಸ್‌ಎಐ ನಂಬರ್ರೂ ಬೇರೆಯೇ.

ಮೊದಲು ಗೋಡೆ ಹತ್ರ ಹೋಗಿ

ಫಾರ್ಮ್ ಸಿಯನ್ನ ಅಂಗಡಿಯಲ್ಲಿ ಎದ್ದು ಕಾಣೋ ಹಾಗೆ ಹಾಕ್ಬೇಕು ಅಂತ ಕಾಯ್ದೆಯಲ್ಲೇ ಇದೆ, ಹಾಗಾಗಿ ನೋಡೋಕೆ ಸಂಕೋಚ ಬೇಡ. ಎರಡರದ್ದೂ ಫೋಟೋ ತೆಗೆದುಕೊಂಡು ಮನೆಗೆ ಬಂದು ಪಕ್ಕಪಕ್ಕ ಇಟ್ಟು ಓದಿ. ನಾಲ್ಕೇ ನಾಲ್ಕು ವಿಷಯ ಸಾಕು: ಯಾರ ಹೆಸರು, ಯಾವ ವಿಳಾಸ, ಯಾವ ಕೆಲಸ, ಎಲ್ಲಿವರೆಗೆ ಚಾಲ್ತಿ. ಬಿಡಿಬಿಡಿಯಾಗಿ ನೋಡಿದ್ರೆ ಎರಡೂ ಸರಿಯಾಗೇ ಕಾಣತ್ತೆ, ಪಕ್ಕಪಕ್ಕ ಇಟ್ಟಾಗಲೇ ವ್ಯತ್ಯಾಸ ಗೊತ್ತಾಗೋದು.

ಒಂದು ಉದಾಹರಣೆ ತಗೊಳ್ಳೋಣ. ಮೈಸೂರಿನಲ್ಲಿ ಒಂದು ದರ್ಶಿನಿ, ಕೆಲಸಕ್ಕೆ 12 ಜನ, ಗುಡ್‌ವಿಲ್ಲು ಸಾಮಾನು ಎಲ್ಲಾ ಸೇರಿ 8 ಲಕ್ಷ ಕೇಳ್ತಿದಾರೆ ಅಂತ ಇಟ್ಕೊಳ್ಳಿ. ಗೋಡೆ ಮೇಲಿರೋ ಟ್ರೇಡ್ ಲೈಸೆನ್ಸ್‌ನಲ್ಲಿ ಹೆಸರು ಈಗ ಮಾರ್ತಿರೋರದ್ದಲ್ಲ, ಅವರಿಗಿಂತ ಮುಂಚೆ ಇದ್ದವರದ್ದು. ಉದ್ದಿಮೆ ಅನ್ನೋ ಜಾಗದಲ್ಲಿ ಟೀ, ಜ್ಯೂಸ್ ಅಂಗಡಿ ಅಂತಿದೆ. ಅವಧಿ 31-3-2024ಕ್ಕೇ ಮುಗಿದಿದೆ. ಪಕ್ಕದಲ್ಲಿರೋ ಫಾರ್ಮ್ ಸಿಯಲ್ಲಿ ಮಾತ್ರ ಈಗಿನವರ ಹೆಸರೇ ಇದೆ, ಇನ್ನೂ ಚಾಲ್ತಿಯಲ್ಲೂ ಇದೆ. ಮಾರೋರು ತೋರಿಸೋದೂ ಇದನ್ನೇ, "ನೋಡಿ ಸರ್ ನನ್ನ ಹೆಸರಲ್ಲೇ ಗವರ್ನಮೆಂಟ್ ಲೈಸೆನ್ಸ್ ಇದೆ" ಅಂತ.

ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಏನಂದ್ರೆ, ಇವರು ಲೇಬರ್ ನೋಂದಣಿ ತಮ್ಮ ಹೆಸರಿಗೆ ಮಾಡಿಸಿಕೊಂಡವರು ಟ್ರೇಡ್ ಲೈಸೆನ್ಸ್ ಯಾಕೆ ಮಾಡಿಸಿಕೊಳ್ಳಲಿಲ್ಲ? ಬರೀ ಸೋಮಾರಿತನ ಇರಬಹುದು, ಆದ್ರೆ ಬಹಳ ಸಲ ಕಾರಣ ಜಾಗದಲ್ಲೇ ಇರತ್ತೆ. ಕಾರ್ಮಿಕ ಇಲಾಖೆಗೆ ಮುಖ್ಯವಾಗಿ ಬೇಕಾಗೋದು ಮಾಲೀಕರು, ಕೆಲಸಗಾರರ ವಿವರ. ಪಾಲಿಕೆ ಮಾತ್ರ ಕಟ್ಟಡದ ದಾಖಲೆ ಕೇಳತ್ತೆ, ಬಾಡಿಗೆ ಕರಾರು, ಆಸ್ತಿ ತೆರಿಗೆ ರಸೀದಿ, ಆ ಜಾಗದಲ್ಲಿ ವ್ಯಾಪಾರಕ್ಕೆ ಅವಕಾಶ ಇದೆಯಾ ಅನ್ನೋದು. ನಮ್ಮ ಉದಾಹರಣೆಯಲ್ಲಿ ಬಿಲ್ಡಿಂಗ್ ಓನರ್ ಹತ್ರ ತೆರಿಗೆ ರಸೀದಿ ಕೇಳಿ ನೋಡಿದ್ರೆ ಕಟ್ಟಡ ವಾಸದ ಮನೆ ಅಂತಲೇ ಇದೆ. ಮುಂಚಿನವರು ಚಿಕ್ಕ ಟೀ ಅಂಗಡಿಗೆ ಹೇಗೋ ಲೈಸೆನ್ಸ್ ತಗೊಂಡಿದ್ರು, ಈಗ ಅಡುಗೆಮನೆ ದೊಡ್ಡದು ಮಾಡಿ ದರ್ಶಿನಿ ಮಾಡಿದಾರೆ, ಅದಕ್ಕೆ ಹೊಸದಾಗಿ ಅರ್ಜಿ ಹಾಕಿದ್ರೆ ಈ ಪ್ರಶ್ನೆ ಎಲ್ಲಾ ಏಳತ್ತೆ. ಕರೆಂಟ್ ಬಿಲ್ ಕೂಡ ಒಂದ್ಸಲ ನೋಡಿ, ವಾಣಿಜ್ಯ ಬಳಕೆ ಆದ್ರೆ ಎಲ್‌ಟಿ-3 ಅಂತ ಇರಬೇಕು, ಗೃಹಬಳಕೆ ಅಂತಿದ್ರೆ ಅದೂ ಇದೇ ಕಥೆ ಹೇಳತ್ತೆ.

ತಾರೀಖು ನೋಡುವಾಗ ಒಂದು ಗೊತ್ತಿರಲಿ. ಟ್ರೇಡ್ ಲೈಸೆನ್ಸ್ ಹಣಕಾಸು ವರ್ಷದ ಲೆಕ್ಕದಲ್ಲಿ ನಡೆಯತ್ತೆ, ಅಂದ್ರೆ ಮಾರ್ಚ್ 31ಕ್ಕೆ ಮುಗಿಯತ್ತೆ, ಹಲವು ವರ್ಷಕ್ಕೆ ಒಟ್ಟಿಗೆ ತಗೊಂಡಿದ್ರೂ ಕೊನೆ ದಿನ ಮಾರ್ಚ್ 31ಏ. ಫಾರ್ಮ್ ಸಿ ಐದು ವರ್ಷದ ಲೆಕ್ಕ. ಇನ್ನು ಬೆಂಗಳೂರಲ್ಲಿ 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಐದು ಪಾಲಿಕೆ ಆಗಿದೆ, ಅದಕ್ಕೆ ಮುಂಚಿನ ಲೈಸೆನ್ಸ್‌ನಲ್ಲಿ ಬಿಬಿಎಂಪಿ ಅಂತಿದ್ರೆ ಗಾಬರಿ ಆಗಬೇಡಿ, ಆದ್ರೆ ವಿಚಾರಿಸೋಕೆ ಹೋಗುವಾಗ ಆ ವಾರ್ಡ್ ಈಗ ಯಾವ ಪಾಲಿಕೆಗೆ ಸೇರಿದೆ ಅಂತ ತಿಳ್ಕೊಂಡು ಹೋಗಿ.

ಪೇಪರ್ ಅಸಲೀನಾ ಅಂತ ನೋಡೋದು

ಪ್ರಿಂಟ್ ನಂಬಬೇಡಿ, ಪಿಡಿಎಫ್ ವಾಟ್ಸಾಪ್ ಮಾಡೋಕೆ ಹೇಳಿ. ಈಗ ಆನ್‌ಲೈನಲ್ಲಿ ಸಿಗೋ ಸರ್ಟಿಫಿಕೇಟ್‌ಗಳಲ್ಲಿ ಡಿಜಿಟಲ್ ಸಹಿ ಇದ್ರೆ ಅದನ್ನ ಚೆಕ್ ಮಾಡೋಕೆ ಆಗೋದು ಆ ಫೈಲ್‌ನಲ್ಲಿ ಮಾತ್ರ, ಪ್ರಿಂಟ್‌ನಲ್ಲಿ ಅದು ಬರೀ ಚಿತ್ರ. ಕಂಪ್ಯೂಟರ್‌ನಲ್ಲಿ ಅಡೋಬಿ ರೀಡರ್‌ನಲ್ಲಿ ಓಪನ್ ಮಾಡಿ ಸಹಿ ಮೇಲೆ ಕ್ಲಿಕ್ ಮಾಡಿ. ಹಳದಿ ಪ್ರಶ್ನೆ ಚಿಹ್ನೆ ಬಂದು Validity Unknown ಅಂತ ತೋರಿಸಿದ್ರೆ ಅಷ್ಟಕ್ಕೇ ನಕಲಿ ಅನ್ನೋಕಾಗಲ್ಲ, ನಿಮ್ಮ ಕಂಪ್ಯೂಟರ್‌ಗೆ ಆ ಸಹಿ ಕೊಟ್ಟ ಸಂಸ್ಥೆ ಪರಿಚಯ ಇಲ್ಲ ಅಂತ ಅಷ್ಟೇ ಅರ್ಥ. ಸಹಿ ಆದಮೇಲೆ ಫೈಲ್ ತಿದ್ದಿದಾರೆ ಅಂತ ತೋರಿಸಿದ್ರೆ ಮಾತ್ರ ಅಲ್ಲಿಗೇ ನಿಲ್ಲಿಸಿ. ಕ್ಯೂಆರ್ ಕೋಡ್ ಇದ್ರೆ ಸ್ಕ್ಯಾನ್ ಮಾಡಿ, ಆದ್ರೆ ತೆರೆಯೋ ಪೇಜ್‌ನಲ್ಲಿ ಏನಿದೆ ಅಂತ ನೋಡೋ ಮುಂಚೆ ಮೇಲಿನ ವಿಳಾಸ ಓದಿ, https:// ಆದಮೇಲೆ ಬರೋ ಮೊದಲನೇ / ಗುರುತಿಗಿಂತ ಮುಂಚಿನ ಭಾಗ ಚುಕ್ಕಿ ಸಮೇತ .gov.in ಅಂತ ಮುಗಿದ್ರೆ ಅದು ಸರ್ಕಾರದ ಪೇಜ್. ಮಧ್ಯದಲ್ಲಿ ಎಲ್ಲೋ gov ಅಂತ ಬಂದು ಕೊನೆಗೆ .com ಇದ್ರೆ ಯಾರು ಬೇಕಾದ್ರೂ ಮಾಡಿಸಿರಬಹುದಾದ ಪೇಜ್ ಅದು.

ಇನ್ನೊಂದು ಬಹಳ ಕಾಮನ್ ಆಗಿ ಆಗೋದು, ಲೈಸೆನ್ಸ್ ಬದಲು ಚಲನ್ ತೋರಿಸೋದು. "ದುಡ್ಡು ಕಟ್ಟಿದೀವಿ, ರಿನ್ಯೂವಲ್ ಪ್ರಾಸೆಸ್‌ನಲ್ಲಿದೆ" ಅಂತಾರೆ. ದುಡ್ಡು ಕಟ್ಟಿದಾರೆ ಅನ್ನೋದಕ್ಕೆ ಮಾತ್ರ ಅದು ದಾಖಲೆ, ಅರ್ಜಿ ರಿಜೆಕ್ಟ್ ಆಗಿದ್ರೂ ಚಲನ್ ಚಲನ್ನೇ. ಅರ್ಜಿ ನಂಬರ್ ಇಸ್ಕೊಳ್ಳಿ, ಸೇವಾ ಸಿಂಧು ಮೂಲಕ ಹಾಕಿದ್ರೆ sevasindhu.karnataka.gov.in ನಲ್ಲಿ ಸ್ಟೇಟಸ್ ಗೊತ್ತಾಗತ್ತೆ, ಲೇಬರ್ ನೋಂದಣಿ ಇ-ಕಾರ್ಮಿಕ ಪೋರ್ಟಲ್‌ನಲ್ಲಿ ಮಾಡಿಸಿದ್ರೆ ಅವರನ್ನೇ ನಿಮ್ಮೆದುರು ಲಾಗಿನ್ ಆಗಿ ತೋರಿಸೋಕೆ ಹೇಳಿ. ನಿಜವಾಗ್ಲೂ ಇದ್ದವರಿಗೆ ಇದು ಐದು ನಿಮಿಷದ ಕೆಲಸ.

ಆಫೀಸಲ್ಲಿ ವಿಚಾರಿಸೋದು

ಇಷ್ಟಾದ ಮೇಲೂ ಒಂದ್ಸಲ ಆಫೀಸಿಗೆ ಹೋಗಲೇಬೇಕು. ಟ್ರೇಡ್ ಲೈಸೆನ್ಸ್‌ಗೆ ಪಾಲಿಕೆಯ ಆ ಭಾಗದ ಹೆಲ್ತ್ ಇನ್ಸ್‌ಪೆಕ್ಟರ್, ಊರು ಚಿಕ್ಕದಾದ್ರೆ ಪುರಸಭೆ ಅಥವಾ ಪಟ್ಟಣ ಪಂಚಾಯ್ತಿ ಕಚೇರಿ, ಹಳ್ಳಿ ಕಡೆ ಆದ್ರೆ ಗ್ರಾಮ ಪಂಚಾಯ್ತಿಯ ಪಿಡಿಒ. ಫಾರ್ಮ್ ಸಿಗೆ ಆ ಏರಿಯಾದ ಕಾರ್ಮಿಕ ನಿರೀಕ್ಷಕರು, ಲೇಬರ್ ಇನ್ಸ್‌ಪೆಕ್ಟರ್ ಅಂತೀವಲ್ಲ ಅವರು. ನಂಬರ್ ಬರ್ಕೊಂಡು ಹೋಗಿ, "ಈ ಲೈಸೆನ್ಸ್ ಚಾಲ್ತಿ ಇದೆಯಾ, ಇದರ ಮೇಲೆ ನೋಟಿಸ್ ಏನಾದ್ರೂ ಇದೆಯಾ, ಇದೇ ಜಾಗಕ್ಕೆ ನಾನು ನನ್ನ ಹೆಸರಲ್ಲಿ ಅರ್ಜಿ ಹಾಕಿದ್ರೆ ತೊಂದರೆ ಇದೆಯಾ" ಅಂತ ಮೂರೂ ಕೇಳಿ. ಮೂರನೇದು ಎಲ್ಲಕ್ಕಿಂತ ಮುಖ್ಯ ಯಾಕಂದ್ರೆ ಹೋಟೆಲ್ ಕೈ ಬದಲಾದ ತಕ್ಷಣ ಲೈಸೆನ್ಸ್ ತಾನಾಗೇ ನಿಮ್ಮ ಹೆಸರಿಗೆ ಬರಲ್ಲ.

ಬಾಯಿಮಾತು ಸಾಕಾಗಲ್ಲ, ಬರವಣಿಗೆಯಲ್ಲಿ ಬೇಕು ಅಂದ್ರೆ ಆರ್‌ಟಿಐ ಹಾಕಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, ಹಾಗಾಗಿ ಪಾಲಿಕೆಗೆ ಒಂದು, ಕಾರ್ಮಿಕ ಇಲಾಖೆಗೆ ಒಂದು ಅಂತ ಬೇರೆಬೇರೆ ಹಾಕಿ. ಯಾಕೆ, ಏನು ಅಂತ ಕಥೆ ಬರೆಯೋದು ಬೇಡ, ಹೀಗೆ ಬರೆದ್ರೆ ಸಾಕು: "ಇಂಥ ವಾರ್ಡ್‌ನ, ಇಂಥ ಬಾಗಿಲು ಸಂಖ್ಯೆಯ ಕಟ್ಟಡಕ್ಕೆ ಕಳೆದ ಮೂರು ವರ್ಷಗಳಲ್ಲಿ ನೀಡಿರುವ ಉದ್ದಿಮೆ ಪರವಾನಗಿ, ನವೀಕರಣ ಹಾಗೂ ನೋಟಿಸ್‌ಗಳ ದೃಢೀಕೃತ ಪ್ರತಿ ಒದಗಿಸುವುದು." ಇಲ್ಲಿ ಹೋಟೆಲ್ ಹೆಸರಿಗಿಂತ ಬಾಗಿಲು ನಂಬರ್ ಮುಖ್ಯ, ಬೋರ್ಡ್ ಬದಲಾಗತ್ತೆ, ಬಾಗಿಲು ನಂಬರ್ ಅಷ್ಟು ಸುಲಭವಾಗಿ ಬದಲಾಗಲ್ಲ, ಮುಂಚಿನವರ ಹೆಸರಲ್ಲಿದ್ದ ಲೈಸೆನ್ಸ್ ಕೂಡ ಅದರಿಂದಲೇ ಹೊರಗೆ ಬರತ್ತೆ. ಮೂರನೆಯವರ ಮಾಹಿತಿ ಅಂತ ಅವರನ್ನ ಒಂದು ಮಾತು ಕೇಳೋ ಅವಕಾಶ ಕಾಯ್ದೆಯಲ್ಲಿದೆ, ಆಗ ಸ್ವಲ್ಪ ತಡ ಆಗಬಹುದು. ಮಾರೋರಿಗೆ ಅರ್ಜೆಂಟ್ ಇದ್ರೆ ಅವರೇ ಅರ್ಜಿ ಕೊಟ್ಟು ತಮ್ಮ ಲೈಸೆನ್ಸ್‌ನ ದೃಢೀಕೃತ ಪ್ರತಿ ತರಲಿ, ಹಾಗಂತ ಧೈರ್ಯವಾಗಿ ಕೇಳಿ.

ಕೆಲಸಗಾರರ ಸಂಖ್ಯೆ ಬಿಡಬೇಡಿ

ಲೇಬರ್ ನೋಂದಣಿ ಅರ್ಜಿಯಲ್ಲಿ ಎಷ್ಟು ಜನ ಕೆಲಸಕ್ಕಿದಾರೆ ಅಂತ ಬರೆದಿರ್ತಾರೆ. ಮಾರೋರ ಹತ್ರ ಆ ಅರ್ಜಿ ಕಾಪಿ ಇಸ್ಕೊಂಡು ನೋಡಿ. ನಮ್ಮ ದರ್ಶಿನಿಯಲ್ಲಿ ಅರ್ಜಿ ಪ್ರಕಾರ 3 ಜನ, ಒಳಗೆ ಹೋಗಿ ಎಣಿಸಿದ್ರೆ ದೋಸೆ ಹಾಕೋರು, ಕ್ಲೀನರ್, ಸಪ್ಲೈಯರ್ ಎಲ್ಲಾ ಸೇರಿ 12. ಇದು ಬರೀ ಪೇಪರ್ ತಪ್ಪಲ್ಲ. 10 ಜನ ಅಥವಾ ಅದಕ್ಕಿಂತ ಹೆಚ್ಚು ಇದ್ರೆ ಹೋಟೆಲ್‌ಗೆ ಇಎಸ್‌ಐ, ಅಂದ್ರೆ ಕೆಲಸಗಾರರ ವಿಮೆ, ಬರತ್ತೆ, ಅದನ್ನ ಕಟ್ಟದೇ ಇದ್ದು ಹೋಟೆಲ್ ಕೈ ಬದಲಾದ್ರೆ ಹಳೇ ಬಾಕಿಗೆ ಹೊಸ ಮಾಲೀಕರೂ ಜವಾಬ್ದಾರರು, ನೀವು ತಗೊಂಡ ಆಸ್ತಿಯ ಬೆಲೆ ಎಷ್ಟೋ ಅಷ್ಟರವರೆಗೆ. ಕೆಲಸ ಮಾಡೋ ಹುಡುಗರಿಗೂ ಇದು ಆಸ್ಪತ್ರೆ ಖರ್ಚಿನ ವಿಷಯ, ಅವರನ್ನೇ ನೀವು ನಾಳೆ ಇಟ್ಕೊಳ್ಳೋದು, ಹಾಗಾಗಿ ಮಾರೋರ ಮಾತಿನ ಜೊತೆಗೆ ಕೆಲಸದವರ ಮಾತೂ ಕೇಳಿ.

ಈ ಉದಾಹರಣೆಯಲ್ಲಿ ನಾನಾಗಿದ್ರೆ 8 ಲಕ್ಷಕ್ಕೆ ಒಪ್ಪಲ್ಲ. ವಾಸದ ಕಟ್ಟಡ ಅನ್ನೋದು ಸರಿಹೋಗದಿದ್ರೆ ಅಲ್ಲಿ ದರ್ಶಿನಿಗೆ ಲೈಸೆನ್ಸ್ ಸಿಗೋದೇ ಅನುಮಾನ, ಆಗ ಅದು ಗುಡ್‌ವಿಲ್ ಅಲ್ಲ, ಬರೀ ಪಾತ್ರೆ ಸಾಮಾನಿನ ಬೆಲೆ. ಮುಂದುವರಿಯಲೇಬೇಕು ಅಂದ್ರೆ ಕರಾರಿನಲ್ಲಿ ಒಂದು ಷರತ್ತು ಹಾಕಿಸಿ: ಇದೇ ಜಾಗಕ್ಕೆ, ಹೋಟೆಲ್ ಅಂತಲೇ, ನಿಮ್ಮ ಹೆಸರಿಗೆ ಟ್ರೇಡ್ ಲೈಸೆನ್ಸ್ ಬಂದ ಮೇಲೆ ಉಳಿದ ದುಡ್ಡು, ಬರದಿದ್ರೆ ಅಡ್ವಾನ್ಸ್ ವಾಪಸ್. ಬಿಲ್ಡಿಂಗ್ ಓನರ್ ಜೊತೆ ಬಾಡಿಗೆ ಕರಾರು ನೇರವಾಗಿ ನಿಮ್ಮ ಹೆಸರಿಗೇ ಆಗಬೇಕು, ಹಳೇ ಬಾಡಿಗೆದಾರರು ಬರೆದುಕೊಟ್ಟ ಪೇಪರ್ ಇಟ್ಕೊಂಡು ಹೋದ್ರೆ ಲೈಸೆನ್ಸ್ ಅರ್ಜಿ ಅಲ್ಲೇ ನಿಲ್ಲತ್ತೆ.

ಎಲ್ಲಾ ಸರಿ ಇದ್ದು ತಗೊಂಡ್ರೆ ವ್ಯಾಪಾರ ಶುರು ಮಾಡೋ ಮುಂಚೆಯೇ ಟ್ರೇಡ್ ಲೈಸೆನ್ಸ್ ಅರ್ಜಿ ಹಾಕಿ, ಲೇಬರ್ ನೋಂದಣಿಗೆ ವ್ಯಾಪಾರ ಶುರುವಾದ 30 ದಿನದ ಒಳಗೆ, 12 ಜನ ಇದ್ರೆ 12 ಅಂತಲೇ ಬರೆದು ಅರ್ಜಿ ಹಾಕಿ. ಹಳೇ ಮಾಲೀಕರು ತಮ್ಮ ಸಂಸ್ಥೆ ಮುಚ್ಚಿದೆ ಅಂತ ಎರಡೂ ಆಫೀಸಿಗೆ ಪತ್ರ ಕೊಟ್ಟು, ಸೀಲ್ ಬಿದ್ದ ಸ್ವೀಕೃತಿ ಕಾಪಿ ನಿಮ್ಮ ಕೈಗೆ ತಂದು ಕೊಟ್ಟ ಮೇಲೆ ಕೊನೇ ಚೆಕ್ಕಿಗೆ ಸಹಿ ಮಾಡಿ.